ನೀನ ಬರದಿದ್ದಿ ಅಲ್ಲಾ, ಮೌಶಿ

ಇವತ್ತ ಅಡಗಿ ವಿಷಯ ಅಲ್ಲ, ಹಬ್ಬದ ವಿಷಯನೂ ಅಲ್ಲ. ನಾ ಬರದ ಒಂದ ಲೇಖನದ ವಿಷಯ. ನಿಮ್ಮೊಳಗ ಭಾಳ ಮಂದಿ ಅದನ್ನ ಓದೀರಿ, ಓದಿ ಫೋನ್ ಮಾಡಿ "ಛಲೋ ಬರದೀರಿ ವೈನಿ" ಅಂತ ಹೇಳೀರಿ. ಅದರ ಹಿಂದ ಏನ ಆತು ಅನ್ನೂದು ಮಾತ್ರ ಯಾರಿಗೂ ಹೇಳಿಲ್ಲ. ಈಗ ಅಕ್ಕನ ಮಗಳು ತಾನ "ಬರಿ ಮೌಶಿ, ನಾಕ ಮಂದಿಗೆ ಗೊತ್ತಾಗ್ಲಿ" ಅಂದಾಳ, ಅದಕ್ಕ ಕೂತೇನಿ.

ನಮ್ಮ ಮಹಿಳಾ ಮಂಡಳದವರು ಪ್ರತಿ ವರ್ಷ ಸಂಕ್ರಾಂತಿಗೆ ಒಂದ ಸಂಚಿಕೆ ತರ್ತಾರ. ಆ ವರ್ಷ ಆರೋಗ್ಯದ ಮ್ಯಾಲೆ ಒಂದ ಲೇಖನ ಬೇಕಾಗಿತ್ತು. "ಪುಸ್ತಕ ನೋಡಿ ಬರಿಯೂದು ಬ್ಯಾಡ, ಯಾರರೆ ತಾವು ಅನುಭವಿಸಿದ್ದು ಬರೀರಿ, ಓದೋರಿಗೆ ನಂಬಿಕಿ ಬರ್ತದ" ಅಂದ್ರು. ನಂಗ ಥೈರಾಯ್ಡ್ ಕಡಿಮಿ ಇರೂದು ಗೊತ್ತಾಗಿದ್ದು 2013ರಾಗ. ಅಷ್ಟ ವರ್ಷ ಗುಳಿಗಿ ನುಂಗಿದ ಮ್ಯಾಲೆ ನನಗಿಂತ ಅನುಭವಸ್ಥರು ಯಾರ ಸಿಗ್ತಾರ ಅಂತ ನಾನ ಒಪ್ಪಿಕೊಂಡೆ.

ನನ್ನ ಕಥಿ ಇಷ್ಟ. ಮೊದಲು ಐವತ್ತರ ಗುಳಿಗಿ ಇತ್ತು, ಅಂದ್ರ ಐವತ್ತ ಮೈಕ್ರೋಗ್ರಾಂ. ಐದ ವರ್ಷ ಅದರ ಮ್ಯಾಲೇ ಛಲೋ ನಡೀತು. ಆಮ್ಯಾಲೆ ಮೊಣಕಾಲ ನೋವು ಅಂತ ಕ್ಯಾಲ್ಸಿಯಂ ಗುಳಿಗಿ ಸುರು ಆತು. ಮುಂಜಾನೆ ಚಹಾದ ಜೋಡಿ ಎರಡೂ ಗುಳಿಗಿ ಒಂದ ಮುಷ್ಟಿಯೊಳಗ ಹಿಡಕೊಂಡು ಗಟಕ್ ಅಂತ ನುಂಗಿ ಬಿಡ್ತಿದ್ದೆ. ಆವಾಗಿಂದ ರಿಪೋರ್ಟ್ ಕೆಡ್ಲಿಕ್ಕೆ ಹತ್ತಿದ್ವು. ಟಿ.ಎಸ್.ಎಚ್. ಒಂಬತ್ತರ ಮ್ಯಾಲೆ ಹೋತು. ಐವತ್ತರದ್ದು ಎಪ್ಪತ್ತೈದ ಆತು, ಎಪ್ಪತ್ತೈದರದ್ದು ನೂರ ಆತು. ಯಾರೂ ಹ್ಯಾಂಗ ನುಂಗ್ತೀರಿ ಅಂತ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

2022ರಾಗ ಬ್ಯಾರೆ ಡಾಕ್ಟರ್ ಒಬ್ಬರು ಕೇಳಿದ್ರು. "ಬರೇ ಹೊಟ್ಟ್ಯಾಗ ಬರೇ ನೀರಿನ ಜೋಡಿ ತೊಗೋರಿ. ಚಹಾ, ನಾಷ್ಟಾ ಎಲ್ಲಾ ಅರ್ಧ ತಾಸರೆ ಬಿಟ್ಟು, ಒಂದ ತಾಸ ಬಿಟ್ರ ಇನ್ನೂ ಛಲೋ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗಿ ಇದ್ರ ನಾಕ ತಾಸ ದೂರ ಇಡ್ರಿ" ಅಂದ್ರು. ಕ್ಯಾಲ್ಸಿಯಂ ಈ ಔಷಧಿಗೆ ಹೊಟ್ಟ್ಯಾಗ ಅಂಟಿಕೊಂಡು ಅದನ್ನ ರಕ್ತಕ್ಕ ಹೋಗಗೊಡೂದಿಲ್ಲಂತ. ನಾ ಕ್ಯಾಲ್ಸಿಯಂ ರಾತ್ರಿ ಊಟ ಆದ ಮ್ಯಾಲೆ ತೊಗೊಳ್ಳಿಕ್ಕೆ ಸುರು ಮಾಡಿದೆ. ಎರಡ ತಿಂಗಳದಾಗ ಎದಿ ಡವಡವ ಅನ್ನಲಿಕ್ಕೆ ಹತ್ತಿತು, ಕೈ ಸಣ್ಣಗ ನಡುಗೂದು. ಪರೀಕ್ಷಾ ಮಾಡಿಸಿದ್ರ ಟಿ.ಎಸ್.ಎಚ್. 0.2ಕ್ಕ ಇಳದಿತ್ತು. ಅಂದ್ರ ಔಷಧಿ ಈಗ ಪೂರಾ ಮೈಗೆ ಹತ್ತಲಿಕ್ಕೆ ಹತ್ತಿತ್ತು, ನೂರ ಹೆಚ್ಚಾಗಿತ್ತು. ಡಾಕ್ಟರು ಎಪ್ಪತ್ತೈದಕ್ಕ ಇಳಿಸಿದ್ರು. ಎಂಟ ವಾರ ಬಿಟ್ಟು ಮತ್ತ ನೋಡಿದ್ರ 2.6. ಎದಿನೂ ಸುಮ್ಮನಾತು.

ಇಷ್ಟನ್ನೂ ಇದ್ದದ್ದ ಇದ್ದಾಂಗ ಬರದಿದ್ರ ಇವತ್ತ ಈ ಪುರಾಣ ಇರ್ತಿದ್ದಿಲ್ಲ. ನಾ ಬರದದ್ದು ಹಿಂಗ: "ಚಹಾದ ಜೋಡಿ ಗುಳಿಗಿ ನುಂಗೂದು ಬಿಟ್ಟೆ. ಬರೇ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡೆ. ಎರಡೇ ತಿಂಗಳಿನಲ್ಲಿ ನನ್ನ ನೂರರ ಗುಳಿಗೆ ಎಪ್ಪತ್ತೈದಕ್ಕೆ ಇಳಿಯಿತು. ಇದು ನನ್ನ ಸ್ವಂತ ಅನುಭವ." ಕ್ಯಾಲ್ಸಿಯಂ ಮಾತು ಬಿಟ್ಟೇ ಹೋಗಿತ್ತು, ಜಾಗ ಸಾಲೂದಿಲ್ಲ ಅಂದಿದ್ರು ಅಂತ. ಎದಿ ಡವಡವ ಅಂದದ್ದು ಬರೀಲಿಲ್ಲ, ಓದೋರು ಸುಮ್ನ ಹೆದರ್ತಾರ ಅಂತ. ಡಾಕ್ಟರು ಪರೀಕ್ಷಾ ನೋಡಿ ಇಳಿಸಿದ್ರು ಅನ್ನೂದನ್ನ "ಇಳಿಯಿತು" ಅಂತ ಒಂದ ಶಬ್ದದಾಗ ಮುಗಿಸಿದ್ದೆ. ಗುಳಿಗಿ ತಾನ ಮೆಟ್ಟಲಾ ಇಳದ ಬಂದಾಂಗ.

ಕೆಳಗ ಹೆಸರಿನ ಮುಂದ "ಬಿ.ಎಸ್ಸಿ., ನಿವೃತ್ತ ಶಿಕ್ಷಕಿ" ಅಂತ ಹಾಕಿದ್ರು. ಅದರ ಕೆಳಗ ಸಂಪಾದಕ ಮಂಡಳಿಯವರು "ವೈದ್ಯರು ಪರಿಶೀಲಿಸಿದ ಲೇಖನ" ಅಂತ ದಪ್ಪ ಅಕ್ಷರದಾಗ ಸೇರಿಸಿದ್ರು. ಇದರಾಗ ಒಂದ ಮಾತೂ ಸುಳ್ಳಲ್ಲ ನೋಡ್ರಿ. ನಾ ಬಿ.ಎಸ್ಸಿ. ಮಾಡಿದ್ದು ಖರೆ, ಆದ್ರ ಅದು ಸಸ್ಯಶಾಸ್ತ್ರ. ಶಾಲ್ಯಾಗ ಇಪ್ಪತ್ತೆಂಟ ವರ್ಷ ದಾಸವಾಳದ ಹೂವಿನ ಚಿತ್ರ ತಗಸೇನಿ. ಡಾಕ್ಟರ್ ನೋಡಿದ್ದೂ ಖರೆ. ನಮ್ಮ ಭಾವನವರು ನೋಡಿದ್ರು, ಊಟಕ್ಕ ಬಂದಾಗ, ಹೋಳಿಗಿ ತಿನ್ನಕೋತ. "ಛಲೋ ಅದ" ಅಂದ್ರು. ಅವರು ಹಲ್ಲಿನ ಡಾಕ್ಟರು.

ಸಂಚಿಕೆ ಬಂತು. ಎಲ್ಲಾರೂ ಹೊಗಳಿದ್ರು. ಫೆಬ್ರುವರಿ ಕಡಿಗೆ ಒಂದ ದಿನ ಅಕ್ಕನ ಮಗಳ ಫೋನು. ಬೆಳಗಾವ್ಯಾಗ ಇರ್ತಾಳ ಅಕಿ, ಮೊದಲನೇ ಬಸಿರು, ಹನ್ನೊಂದನೇ ವಾರ. ಬಸಿರಾಗೂಕಿಂತ ಮೊದಲಿಂದನೂ ಅಕಿಗೆ ನೂರರ ಗುಳಿಗಿ ಇತ್ತು, ರಿಪೋರ್ಟ್ ಬರೋಬರಿ ಇತ್ತು. ಮೊದಲನೇ ತಪಾಸಣಿಗೆ ಹೋದಾಗ ಟಿ.ಎಸ್.ಎಚ್. 7.8 ಬಂದದ. ಡಾಕ್ಟರು "ಗುಳಿಗಿ ಬಿಟ್ಟೀರೇನು?" ಅಂತ ಕೇಳ್ಯಾರ. "ಬಿಟ್ಟಿಲ್ಲ, ಕಡಿಮಿ ಮಾಡೇನಿ" ಅಂದಾಳ ಇಕಿ.

"ಯಾಕ ಕಡಿಮಿ ಮಾಡಿದಿ? ಯಾರ ಹೇಳಿದ್ರು ನಿಂಗ?" ಅಂತ ನಾ ಜೋರಾಗಿ ಕೇಳಿದೆ.

ಅಕಿ ಸುಮ್ಮನಾದ್ಲು. ಆಮ್ಯಾಲೆ ಸಾವಕಾಶ ಅಂದ್ಲು. "ನೀನ ಬರದಿದ್ದಿ ಅಲ್ಲಾ, ಮೌಶಿ. ಚಹಾ ಬಿಟ್ರ ನೂರರದ್ದು ಎಪ್ಪತ್ತೈದ ಸಾಕಾಗ್ತದಂತ. ನಾನೂ ಚಹಾ ಬಿಟ್ಟೆ. ಬಸರಿ ಇದ್ದಾಗ ಔಷಧಿ ಕಡಿಮಿ ತೊಗೊಂಡಷ್ಟೂ ಛಲೋ ಅಂತ ಅನಿಸ್ತು. ನೀ ಏನ ಸುಳ್ಳ ಬರೀತಿಯೇನು?"

ಫೋನ್ ಹಿಡಕೊಂಡು ನಿಂತಾಂಗ ನಿಂತಿದ್ದೆ. ಒಲಿ ಮ್ಯಾಲೆ ಹಾಲು ಉಕ್ಕಿ ಹೋತು, ಕಾಣ್ಸಲಿಲ್ಲ.

ಬಸರಾದಾಗ ಈ ಗುಳಿಗಿ ಕಡಿಮಿ ಅಲ್ಲ, ಹೆಚ್ಚ ಬೇಕಾಗ್ತದ. ಮೊದಲನೇ ಮೂರ ತಿಂಗಳು ಹೊಟ್ಟ್ಯಾಗಿನ ಕೂಸಿಗೆ ತನ್ನ ಥೈರಾಯ್ಡ್ ಕೆಲಸಾ ಮಾಡೂದಿಲ್ಲ, ತಾಯಿದ ಹಾರ್ಮೋನಿನ ಮ್ಯಾಲೇ ಅದು ಬೆಳೀಬೇಕು, ಅದರಾಗೂ ಮೆದುಳು. ಅದಕ್ಕ ಮೊದಲಿಂದ ಗುಳಿಗಿ ತೊಗೊಳ್ಳೋ ಹೆಣ್ಣಮಕ್ಕಳಿಗೆ ಬಸರು ಗೊತ್ತಾದ ಕೂಡಲೇ ಸಾಮಾನ್ಯವಾಗಿ ನಾಕನೇ ಒಂದ ಭಾಗದಷ್ಟು ಡೋಸ್ ಏರಿಸ್ತಾರ, ನಾಕ ನಾಕ ವಾರಕ್ಕ ಪರೀಕ್ಷಾ ಮಾಡ್ತಾರ. ಇಕಿ ಏರಬೇಕಾದ ಹೊತ್ತಿನ್ಯಾಗ ಇಳದಿದ್ಲು, ಮೂರ ವಾರ. ಅಕಿಗೆ ಕ್ಯಾಲ್ಸಿಯಂ ಇನ್ನೂ ಸುರುನೂ ಆಗಿದ್ದಿಲ್ಲ. ನನ್ನ ಗುಳಿಗಿ ಯಾವ ಕಾರಣಕ್ಕ ಹೆಚ್ಚಾಗಿತ್ತೋ ಆ ಕಾರಣ ಅಕಿ ಮೈಯೊಳಗ ಇದ್ದಿದ್ದೇ ಇಲ್ಲ. ಕಾರಣ ಇಲ್ಲದ ಕಡೆ ನನ್ನ ಪರಿಣಾಮ ಒಂದನ್ನ ಎತ್ತಿ ಇಟ್ಟಿದ್ದೆ.

ಡಾಕ್ಟರು ಅವತ್ತೇ ನೂರಾ ಇಪ್ಪತ್ತೈದಕ್ಕ ಏರಿಸಿದ್ರು. ನಾಕ ವಾರದಾಗ ಸರಿಯಾತು. ಕೂಸು ಆರಾಮ ಹುಟ್ಟೇದ, ಈಗ ಮನಿ ತುಂಬ ಓಡ್ಯಾಡ್ತದ, ನನ್ನ ಕನ್ನಡಕಾ ಮುರೀತದ. ಆದ್ರ ಅದು ನಮ್ಮ ಪುಣ್ಯಾ, ನನ್ನ ಲೇಖನದ ಶಾಣ್ಯಾತನ ಅಲ್ಲ.

ಎರಡ ದಿನ ಯಾರ ಜೋಡಿನೂ ಮಾತಾಡ್ಲಿಲ್ಲ. ಮೂರನೇ ದಿನ ಸಂಚಿಕೆ ತೊಗೊಂಡು ನಮ್ಮ ಓಣಿ ತುದಿಗೆ ಇರೋ ಡಾಕ್ಟರ್ ಮೇಡಂ ಹತ್ರ ಹೋದೆ. ಅವರು ಎಂ.ಡಿ., ಮೈಯೊಳಗಿನ ಜಡ್ಡುಗಳನ್ನ ನೋಡೋರು. "ಇದರಾಗ ಎಲ್ಲಿ ತಪ್ಪೇದ ಹೇಳ್ರಿ, ಮತ್ತೊಮ್ಮೆ ಬರೀತೇನಿ" ಅಂದೆ. ಅವರು ಬೈತಾರ ಅಂತ ತಯಾರಾಗಿ ಹೋಗಿದ್ದೆ. ಅವರು ಬೈಲಿಲ್ಲ, ಮಗಳ ಕಂಪಾಸ್ ಪೆಟ್ಟಿಗಿಯಿಂದ ಎರಡ ಬಣ್ಣದ ಪೆನ್ಸಿಲ್ ತಂದ್ರು.

"ನಿಮ್ಮ ಮೈಗೆ ಆದದ್ದು, ನೀವು ಕಂಡದ್ದು, ಅದರ ಕೆಳಗ ಕೆಂಪ ಗೆರಿ ಹಾಕ್ರಿ. ಡಾಕ್ಟರು ನಿಮಗ ಹೇಳಿದ್ದರ ಕೆಳಗ ನೀಲಿ. ಎರಡೂ ಅಲ್ಲದ್ದು ಏನ ಉಳೀತದ ನೋಡೂಣು" ಅಂದ್ರು.

ಕೂತು ಹಾಕಿದೆ. ಗುಳಿಗಿ ಎಷ್ಟರದ್ದಿತ್ತು, ಎಷ್ಟ ಆತು, ಕೆಂಪು. ಬರೇ ಹೊಟ್ಟ್ಯಾಗ ತೊಗೋಬೇಕು, ನೀಲಿ. ಆಮ್ಯಾಲೆ "ಕ್ಯಾಬೇಜ್ ಮುಟ್ಟಲೇಬಾರದು" ಅಂತ ಒಂದ ಸಾಲಿತ್ತು. ಅದು ಎಲ್ಲಿಂದ ಬಂತು? ನಾ ಕ್ಯಾಬೇಜ್ ಬಿಟ್ಟಿದ್ದೇ ಇಲ್ಲ. ಡಾಕ್ಟರೂ ಹೇಳಿಲ್ಲ. ಬಾಜೂ ಮನಿಯವರು ಯಾವಾಗೋ ಅಂದಿದ್ರು. "ಕೊತ್ತಂಬರಿ ಕಾಳ ನೆನಸಿದ ನೀರು ಕುಡದ್ರ ಥೈರಾಯ್ಡ್ ಕರಗ್ತದ" ಅಂತ ಇನ್ನೊಂದ ಸಾಲು, ಅದೂ ಹಂಗ. ಇಡೀ ಲೇಖನ "ನನ್ನ ಸ್ವಂತ ಅನುಭವ" ಅಂತ ಅದ, ಅದರಾಗ ಆರ ಸಾಲು ಯಾರದೂ ಅಲ್ಲದ ಅನುಭವ. ಗೆರಿ ಇಲ್ಲದ ಸಾಲುಗಳನ್ನ ಮೇಡಂ ಹೊಡದ ಹಾಕಿದ್ರು. ಬೇಯಿಸಿದ ಕ್ಯಾಬೇಜ್ ನಾವು ಪಲ್ಯಾಕ್ಕ ತಿನ್ನೂ ಅಷ್ಟು ತಿಂದ್ರ ಏನೂ ಆಗೂದಿಲ್ಲಂತ. ಕೊತ್ತಂಬರಿ ನೀರು ಗುಳಿಗಿ ಬದಲಿ ಅಲ್ಲಂತ.

ಆಮ್ಯಾಲೆ ಕೆಂಪ ಗೆರಿಗೆ ಬಂದ್ರು. "ಇವೆಲ್ಲಾ ಖರೆನ ಅವ" ಅಂದ್ರು, "ಆದ್ರ ಅರ್ಧ ಅವ. ಅನುಭವ ಹೇಳೂವಾಗ ನಾಕ ಮಾತು ಕೂಡಿ ಬಂದ್ರನ ಅದು ಪೂರಾ. ಆವಾಗ ನೀವು ಹ್ಯಾಂಗಿದ್ರಿ, ಏನೇನ ಬದಲ ಮಾಡಿದ್ರಿ, ಅದನ್ನ ಯಾರ ನಿರ್ಧಾರ ಮಾಡಿದ್ರು, ಮುಂದ ಏನ ಆತು ಅಂತ ಹ್ಯಾಂಗ ಗೊತ್ತಾತು."

ನನ್ನ ಸಾಲಿಗೆ ಇದನ್ನ ಹಚ್ಚಿ ನೋಡಿದ್ವಿ. ಹ್ಯಾಂಗಿದ್ದೆ? ನಲವತ್ತೊಂಬತ್ತ ವರ್ಷ, ಮುಟ್ಟ ನಿಲ್ಲಲಿಕ್ಕೆ ಬಂದಿತ್ತು, ಬಸರಿ ಅಲ್ಲ, ಹಾರ್ಟಿನ ತೊಂದ್ರಿ ಇಲ್ಲ. ಏನ ಬದಲ ಮಾಡಿದೆ? ಎರಡ ಮಾಡಿದ್ದೆ, ಚಹಾ ತಡಾ ಮಾಡಿದೆ, ಕ್ಯಾಲ್ಸಿಯಂ ರಾತ್ರಿಗೆ ದೂಡಿದೆ. ಒಂದ ಬರದು ಒಂದ ಬಿಟ್ಟಿದ್ದೆ, ಅದೂ ದೊಡ್ಡದನ್ನ ಬಿಟ್ಟಿದ್ದೆ. ಯಾರ ನಿರ್ಧಾರ? ಡಾಕ್ಟರದ್ದು. ಹ್ಯಾಂಗ ಗೊತ್ತಾತು? ಪರೀಕ್ಷಾದಿಂದ, 0.2 ಅಂತ, ಮತ್ತ ಎಂಟ ವಾರ ಕಾದು 2.6 ಅಂತ.

ಆ ಎಂಟ ವಾರದ ಮಾತಿಗೂ ಅರ್ಥ ಅದ ಅಂದ್ರು ಮೇಡಂ. ಈ ಔಷಧಿ ಮೈಯೊಳಗ ಸಾವಕಾಶ ಕೂಡತದ, ಸಾವಕಾಶ ಇಳೀತದ. ಒಂದ ವಾರಕ್ಕ ಅರ್ಧ ಉಳೀತದಂತ. ಅದಕ್ಕ ಡೋಸ್ ಬದಲಿಸಿದ ಮ್ಯಾಲೆ ಆರರಿಂದ ಎಂಟ ವಾರ ಬಿಟ್ಟು ಪರೀಕ್ಷಾ ಮಾಡಿಸ್ತಾರ. "ನಾಕ ದಿನದಾಗ ಆರಾಮ ಅನಿಸ್ತು" ಅಂತ ಯಾರರೆ ಬರದ್ರ, ಅವರಿಗೆ ಅನಿಸಿದ್ದು ಖರೆ ಇರಬಹುದು, ಆದ್ರ ಅದು ಆ ಗುಳಿಗಿ ಬದಲಿಸಿದ್ದರ ಫಲ ಅಂತ ಹೇಳಲಿಕ್ಕೆ ಆಗೂದಿಲ್ಲ. ಅನುಭವ ಬರಿಯೋರು ದಿನಾ, ವಾರಾ ಹಾಕಿದ್ರ ಓದೋರು ಇದನ್ನ ತಾವ ತಾಳಿ ನೋಡಬಹುದು.

ನಾ ಒಂದ ಕೇಳಿದೆ, "ರಿಪೋರ್ಟಿನ ಫೋಟೋನ ಹಾಕಿದ್ರ? ಎಲ್ಲಾರಿಗೂ ನಂಬಿಕಿ ಬರ್ತದ." ಮೇಡಂ ನಕ್ಕರು. "ಹಾಕ್ರಿ ಬೇಕಾದ್ರ, ಆದ್ರ ಅಂಕಿ ಬಾಜೂಕ ಆ ಲ್ಯಾಬಿನ ನಾರ್ಮಲ್ ಎಷ್ಟರಿಂದ ಎಷ್ಟು ಅನ್ನೂದೂ ಕಾಣಬೇಕು. ಬಸರಿಯರಿಗೆ ಅದು ಬ್ಯಾರೆ ಇರ್ತದ ಅಂತನೂ ಬರೀಬೇಕು. ಮತ್ತ ಟಿ.ಎಸ್.ಎಚ್. ಉಲ್ಟಾ ಅದ ಅನ್ನೂದನ್ನ ಮರೀಬ್ಯಾಡ್ರಿ." ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಟಿ.ಎಸ್.ಎಚ್. ಅಂದ್ರ ಮೆದುಳಿನ ಬುಡದಾಗಿನ ಗ್ರಂಥಿ ಥೈರಾಯ್ಡಿಗೆ "ಕೆಲಸಾ ಮಾಡು" ಅಂತ ಹಾಕೂ ಕೂಗು. ಹಾರ್ಮೋನು ಕಡಿಮಿ ಇದ್ರ ಕೂಗು ಜೋರು, ಅಂಕಿ ಏರ್ತದ. ಹಾರ್ಮೋನು ಹೆಚ್ಚಾದ್ರ ಕೂಗು ಸಣ್ಣದು, ಅಂಕಿ ಇಳೀತದ. ಬರೇ "ನಂದು ಇಳೀತು" ಅಂತ ಓದಿದೋರು ಇಳದಷ್ಟೂ ಛಲೋ ಅಂತನ ತಿಳೀತಾರ. ನಂದು 0.2ಕ್ಕ ಇಳದಾಗ ನಾ ಛಲೋ ಇದ್ದಿಲ್ಲ, ಎದಿ ಹಿಡಕೊಂಡು ಕೂತಿದ್ದೆ.

ಇನ್ನ ಡಿಗ್ರಿ ಮಾತು. "ವೈದ್ಯರು ಪರಿಶೀಲಿಸಿದ" ಅನ್ನೂದು ಮೇಡಂಗೆ ಭಾಳ ಸಿಟ್ಟ ತರಿಸ್ತು. "ಯಾವ ವೈದ್ಯರು? ಏನ ಪರಿಶೀಲಿಸಿದ್ರು? ಯಾವಾಗ?" ಅಂದ್ರು. ನಾ ಭಾವನವರ ಮಾತು, ಹೋಳಿಗಿ ಮಾತು ಎಲ್ಲಾ ಹೇಳಿದೆ. ಹಲ್ಲಿನ ಡಾಕ್ಟರು ಕಡಿಮಿ ಅಂತ ಅಲ್ಲ. ಹಲ್ಲಿನ ವಿಷಯ ಬರದ್ರ ಅವರ ಮಾತೇ ಮ್ಯಾಲೆ. ಡಿಗ್ರಿ ತನ್ನ ಹೊಲದಾಗಷ್ಟ ಬೆಳೀ ಕೊಡ್ತದ. ನನ್ನ ಬಿ.ಎಸ್ಸಿ.ನೂ ಹಂಗ, ಥೈರಾಯ್ಡ್ ಲೇಖನದ ಕೆಳಗ ಅದನ್ನ ಹಾಕಿದ್ದು ಓದೋರ ಕಣ್ಣಿಗೆ ಮಣ್ಣ ಹಾಕಿದಾಂಗ, ಬೇಕಂತ ಹಾಕಿದ್ದಲ್ಲಾದ್ರೂ.

ಡಾ. ಅನ್ನೂ ಒಂದ ಅಕ್ಷರ ಎಲ್ಲಾರ ಮುಂದನೂ ಬರ್ತದ. ಎಂ.ಬಿ.ಬಿ.ಎಸ್.ದವರಿಗೆ, ಹಲ್ಲಿನವರಿಗೆ, ಆಯುರ್ವೇದದವರಿಗೆ, ಇತಿಹಾಸದಾಗ ಪಿ.ಎಚ್.ಡಿ. ಮಾಡಿದವರಿಗೂ. ಅದಕ್ಕ ಹೆಸರಿನ ಹಿಂದಿನ ಡಿಗ್ರಿ ನೋಡಬೇಕು. ಎಂ.ಬಿ.ಬಿ.ಎಸ್. ಮಾಡಿ ನಮ್ಮ ರಾಜ್ಯದಾಗ ಔಷಧಿ ಬರೀಬೇಕಾದ್ರ ಕರ್ನಾಟಕ ವೈದ್ಯಕೀಯ ಪರಿಷತ್ತಿನ್ಯಾಗ ಹೆಸರು ನೋಂದಣಿ ಇರಬೇಕು, ಆ ಸಂಖ್ಯೆ ಅವರ ಚೀಟಿ ಮ್ಯಾಲೆ ಅಚ್ಚಾಗಿರ್ತದ. ನಿಮ್ಮ ಮನ್ಯಾಗಿನ ಹಳೇ ಚೀಟಿ ತಗದ ನೋಡ್ರಿ, ಹೆಸರಿನ ಕೆಳಗ ಕೆ.ಎಂ.ಸಿ. ಅಂತ ಬರದು ಅಂಕಿ ಇರ್ತದ. ಹಲ್ಲಿನವರದು ಡೆಂಟಲ್ ಕೌನ್ಸಿಲ್, ಆಯುರ್ವೇದದವರದು ಬ್ಯಾರೆ ಮಂಡಳಿ. ಆರೋಗ್ಯದ ಲೇಖನದ ಕೆಳಗ ಆ ಸಂಖ್ಯೆ ಹಾಕಿದ್ರ ಸಂಶಯ ಬಂದವರು ತಾಳಿ ನೋಡಬಹುದು. ಹಂಗಂತ ಸಂಖ್ಯೆ ಖರೆ ಇದ್ದ ಕೂಡಲೇ ಲೇಖನದಾಗಿನ ಮಾತೆಲ್ಲಾ ಖರೆ ಅಂತ ಅಲ್ಲ. ಅವರು ಡಾಕ್ಟರು ಅನ್ನೂದಷ್ಟ ಅದು ಹೇಳ್ತದ. ಅವರು ಈ ಲೇಖನದಾಗ ಏನ ನೋಡಿದ್ರು ಅನ್ನೂದನ್ನ ಬ್ಯಾರೆ ಹೇಳಬೇಕು.

ಮೇಡಂ ತಮ್ಮ ಹೆಸರು ಹಾಕಲಿಕ್ಕೆ ಒಪ್ಪಿದ್ರು, ಆದ್ರ ಒಂದ ಕರಾರಿನ ಮ್ಯಾಲೆ. "ನಾ ನೀಲಿ ಗೆರಿ ಸಾಲು ಅಷ್ಟ ನೋಡೇನಿ ಅಂತ ಬರೀರಿ. ಕೆಂಪ ಗೆರಿ ನಿಮ್ಮದು, ಅದಕ್ಕ ನಾ ಸಾಕ್ಷಿ ಅಲ್ಲ. ತಾರೀಖ ಹಾಕ್ರಿ. ಮುಂದ ಎರಡ ವರ್ಷಕ್ಕ ಯಾರರೆ ಓದಿದ್ರ ಇದು ಯಾವಾಗಿನ ಮಾತು ಅಂತ ತಿಳೀಬೇಕು."

ಹಂಗಾಗಿ ಮುಂದಿನ ಸಂಚಿಕೆಯೊಳಗ ನಾ ಅದ ಲೇಖನ ಮತ್ತೊಮ್ಮೆ ಬರದೆ. ಮೊದಲನೇ ಸಾಲು "ಹೋದ ವರ್ಷ ನಾನು ಬರೆದದ್ದರಲ್ಲಿ ತಪ್ಪಿತ್ತು" ಅಂತ ಇಟ್ಟೆ. ಸಂಪಾದಕರು ಅದನ್ನ ಕಡಿಗೆ ಹಾಕೂಣು, ಸಣ್ಣ ಅಕ್ಷರದಾಗ ಹಾಕೂಣು ಅಂದ್ರು. ನಾ ಒಪ್ಪಲಿಲ್ಲ. ತಪ್ಪ ದಪ್ಪ ಅಕ್ಷರದಾಗ ಹೋಗಿತ್ತು, ತಿದ್ದಿದ್ದೂ ದಪ್ಪ ಅಕ್ಷರದಾಗ ಹೋಗಲಿ ಅಂದೆ. ಲೇಖನದ ಮ್ಯಾಲೆ ಒಂದ ಚೌಕಟ್ಟು ಹಾಕಿದ್ವಿ. ಅದರಾಗ ಇದ್ದದ್ದು ಇಷ್ಟ:

"ಬರೆದವರು ಯಾರು: ನಾನು ಡಾಕ್ಟರಲ್ಲ, ನರ್ಸ್ ಅಲ್ಲ. 2013ರಿಂದ ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವ ಮನೆಯಾಕೆ. ನನಗೆ ಆದದ್ದನ್ನು ಹೇಳಬಲ್ಲೆ, ನಿಮಗೆ ಎಷ್ಟರ ಗುಳಿಗೆ ಬೇಕು ಎಂದು ಹೇಳಲಾರೆ. ನನ್ನ ಗುಳಿಗೆ ಕಡಿಮೆಯಾದದ್ದು ಕ್ಯಾಲ್ಸಿಯಂ ಗುಳಿಗೆಯನ್ನು ರಾತ್ರಿಗೆ ಬದಲಾಯಿಸಿದ ಮೇಲೆ, ರಕ್ತಪರೀಕ್ಷೆ ನೋಡಿ, ಡಾಕ್ಟರು ಹೇಳಿ. ಆಗ ನನಗೆ 49 ವರ್ಷ. ಬಸಿರಿದ್ದವರಿಗೆ ಇದು ಅನ್ವಯಿಸುವುದಿಲ್ಲ, ಅವರಿಗೆ ಹೆಚ್ಚು ಬೇಕಾಗುತ್ತದೆ, ಕೂಡಲೇ ತಮ್ಮ ಡಾಕ್ಟರನ್ನು ಕೇಳಬೇಕು. ಗುಳಿಗೆ ತೆಗೆದುಕೊಳ್ಳುವ ಹೊತ್ತು, ಅಂತರ, ಪರೀಕ್ಷೆಯ ಸಮಯ, ಈ ಮೂರು ಭಾಗವನ್ನು ಮಾತ್ರ ಎಂ.ಡಿ. ಡಾಕ್ಟರೊಬ್ಬರು ನೋಡಿದ್ದಾರೆ. ಅವರ ಹೆಸರು, ನೋಂದಣಿ ಸಂಖ್ಯೆ, ನೋಡಿದ ತಾರೀಖು ಕೆಳಗಿದೆ. ಇದನ್ನು ಬರೆಯಲು ಯಾರಿಂದಲೂ ಹಣ ಪಡೆದಿಲ್ಲ, ನಾನು ಏನನ್ನೂ ಮಾರುವುದಿಲ್ಲ."

ಕಡೀ ಸಾಲು ಯಾಕ ಬೇಕಾತು ಅಂದ್ರ, ಅದ ಸಂಚಿಕೆಯೊಳಗ ಒಬ್ಬರು ಒಂದ ಪುಡಿ ಬಗ್ಗೆ ಬರದಿದ್ರು, "ನಾನೇ ಮೂರು ತಿಂಗಳು ಬಳಸಿದ್ದೇನೆ" ಅಂತ. ಬಳಸಿದ್ದು ಖರೆ ಇರಬಹುದು. ಆ ಪುಡಿ ಮಾರಿದ್ರ ಡಬ್ಬಿಗೆ ಇಷ್ಟ ಅಂತ ಅವರಿಗೆ ಸಿಗ್ತಿತ್ತು ಅನ್ನೂದನ್ನ ಬರೀಲಿಲ್ಲ. ಅವರ ಸಾಲೂ ನನ್ನ ಸಾಲೂ ಓದೋರಿಗೆ ಒಂದ ಥರಾ ಕಾಣ್ತಾವ. ಎರಡರ ನಡುವ ಇರೋ ಅಂತರ ತಿಳೀಬೇಕಾದ್ರ ರೊಕ್ಕದ ಮಾತು ಮೊದಲ ಹೇಳಬೇಕು.

ರೊಕ್ಕದ ಲೇಖನಕ್ಕೂ ಇದ ಲೆಕ್ಕ ಅಂತ ಆಮ್ಯಾಲೆ ತಿಳೀತು. ನಮ್ಮ ಎದರ ಮನಿ ಅಣ್ಣಾವರು ಮ್ಯೂಚುವಲ್ ಫಂಡ್ ಬಗ್ಗೆ ಬರದು ಕೊಟ್ರು, ಹೆಸರಿನ ಕೆಳಗ ಎ.ಆರ್.ಎನ್. ಅಂತ ಒಂದ ನಂಬರ್. ನೋಡಿದವರಿಗೆ ದೊಡ್ಡ ಪದವಿ ಅನಿಸ್ತದ. ಅದು ಫಂಡ್ ಮಾರೋರಿಗೆ ಕೊಡೋ ನಂಬರು, ಮಾರಿದ್ದಕ್ಕ ಕಂಪನಿಯಿಂದ ಕಮಿಷನ್ ಬರ್ತದ. ಫೀ ತೊಗೊಂಡು ಸಲಹಾ ಅಷ್ಟ ಕೊಡೋರಿಗೆ ಸೆಬಿಯೊಳಗ ಬ್ಯಾರೆ ನೋಂದಣಿ ಅದ, ಆ ನಂಬರು ಐ.ಎನ್.ಎ. ಅಂತ ಸುರು ಆಗ್ತದ. ಅಣ್ಣಾವರಿಗೆ ನಾ ಹೇಳಿದೆ, "ನಂಬರ್ ಇರ್ಲಿ, ಬಾಜೂಕ ನನಗೆ ಕಮಿಷನ್ ಬರುತ್ತದೆ ಅಂತ ಬರೀರಿ." ಅವರು ಮೊದಲು ಮುಖಾ ಸಣ್ಣ ಮಾಡಿದ್ರು. ಆಮ್ಯಾಲೆ ಬರದ್ರು. ತಾವು ಯಾವ ವರ್ಷ ಹೆದರಿ ಮಾರಿ ನುಕ್ಸಾನ ಮಾಡಿಕೊಂಡ್ರು ಅನ್ನೂದನ್ನೂ ಬರದ್ರು. ಮಂದಿ ಹೆಚ್ಚ ಓದಿದ್ದು ಆ ನುಕ್ಸಾನದ ಭಾಗನ.

ಹೊಸಾ ಲೇಖನ ಓದಿ ಯಾರೂ "ಎಷ್ಟ ಛಲೋ ಬರದೀರಿ" ಅಂತ ಫೋನ್ ಮಾಡ್ಲಿಲ್ಲ. ಬಂದ ಫೋನು ಬ್ಯಾರೆ ಥರಾ ಇದ್ವು. ಒಬ್ಬರು, "ನಾನೂ ಕ್ಯಾಲ್ಸಿಯಂ ಕೂಡೇ ನುಂಗ್ತೇನಿ ವೈನಿ, ದೂರ ಇಡ್ತೇನಿ, ಆದ್ರ ನೀವು ಬರದಾಂಗ ಡೋಸ್ ಮುಟ್ಟೂದಿಲ್ಲ. ಎರಡ ತಿಂಗಳ ಬಿಟ್ಟು ಪರೀಕ್ಷಾ ಮಾಡಿಸಿ ಡಾಕ್ಟರಿಗೆ ತೋರಿಸ್ತೇನಿ" ಅಂದ್ರು. ಇನ್ನೊಬ್ಬರು ತಮ್ಮ ಸೊಸಿ ಬಸರಿ ಇದ್ದಾಳ, ಗುಳಿಗಿ ಅದಷ್ಟ ಅದ, ಇವತ್ತೇ ಕರಕೊಂಡ ಹೋಗ್ತೇನಿ ಅಂದ್ರು. ಮೂರನೇದವರು ನನ್ನ ಬೈದ್ರು, "ಹೋದ ವರ್ಷ ಕ್ಯಾಬೇಜ್ ಬಿಡ್ರಿ ಅಂದಿದ್ರಿ, ನಾ ವರ್ಷಿಡೀ ಬಿಟ್ಟೆ" ಅಂತ. ಅವರ ಬಾಯಿಂದ ಬೈಸಿಕೊಂಡೆ, ಅವರ ಮನಿಗೆ ಒಂದ ಡಬ್ಬಿ ಕ್ಯಾಬೇಜ್ ಪಲ್ಯಾ ಕಳಸಿಕೊಟ್ಟೆ.

ಅಕ್ಕನ ಮಗಳಿಗೂ ಒಂದ ಸಂಚಿಕೆ ಕಳಿಸಿದ್ದೆ. ಓದಿ ಫೋನ್ ಮಾಡಿದ್ಲು. "ಮೌಶಿ, ಚೌಕಟ್ಟಿನ್ಯಾಗ ಬಸಿರಿದ್ದವರಿಗೆ ಅಂತ ಬರದೀಯಲ್ಲಾ, ಅದು ನಾನ?" ಅಂದ್ಲು. ಹೂಂ ಅಂದೆ. "ಹೆಸರ ಹಾಕಿಲ್ಲ, ಛಲೋ ಆತು" ಅಂತ ನಕ್ಕಳು. ಹಿಂದ ಕೂಸು ಅಳೂದು ಕೇಳಸ್ತಿತ್ತು, ಹಾಲಿನ ಹೊತ್ತಾಗಿತ್ತು ಅಂತ ಇಟ್ಟಬಿಟ್ಲು.

ನಂದೂ ಹೊತ್ತಾತು. ಕುಕ್ಕರ್ ಮೂರ ಸೀಟಿ ಹೊಡೀತು. ನನ್ನ ಗುಳಿಗಿ ಮುಂಜಾನೆ ಐದೂವರಿಗೆ ನೀರಿನ ಜೋಡಿ ಆಗೇದ, ಕ್ಯಾಲ್ಸಿಯಂ ರಾತ್ರಿಗೆ ಅದ. ಈಗ ಎಪ್ಪತ್ತೈದರದ್ದು, ನನಗಷ್ಟ.